ಎಟಿಆರ್ ಸ್ಟಾಪ್ ಹಾಕಿದರೂ ಸೊಲಾನಾದಲ್ಲಿ ಲೆಕ್ಕಕ್ಕಿಂತ ಜಾಸ್ತಿ ನಷ್ಟ, ಎಲ್ಲಿ ತಪ್ಪಾಗುತ್ತಿದೆ?

ರಾತ್ರಿಪಾಳಿ

ಎಲ್ಲರಿಗೂ ನಮಸ್ಕಾರ. ಮೊದಲು ಎಲ್ಲ ಕಾಯಿನ್‌ಗೂ 3% ಸ್ಟಾಪ್ ಹಾಕುತ್ತಿದ್ದೆ. ಬಿಟ್‌ಕಾಯಿನ್‌ನಲ್ಲಿ ಅದು ಪರವಾಗಿಲ್ಲ ಅನ್ನಿಸುತ್ತಿತ್ತು. ಡೋಜ್‌ಕಾಯಿನ್‌ನಲ್ಲಿ ಮಾತ್ರ ಖರೀದಿ ಮಾಡಿ ಊಟ ಮುಗಿಸಿ ಬರುವಷ್ಟರಲ್ಲಿ ಸ್ಟಾಪ್ ಹೊಡೆದಿರುತ್ತಿತ್ತು. ಅದಕ್ಕೆ ಪ್ರತಿ ಕಾಯಿನ್ ಸರಾಸರಿ ಎಷ್ಟು ಏರಿಳಿಯುತ್ತದೆ ಅಂತ ಅಳೆಯುವ ಎಟಿಆರ್‌ಗೆ ಬಂದೆ. 4 ಗಂಟೆ ಕ್ಯಾಂಡಲ್, ಅವಧಿ 14, ಅದರ 2.5 ಪಟ್ಟು ದೂರ. ಸ್ಕ್ರಿಪ್ಟ್ 4 ಗಂಟೆಗೊಮ್ಮೆ ಓಡುತ್ತದೆ, ಪ್ರತಿ ಕಾಯಿನ್‌ಗೂ 400 ಡಾಲರ್ ಹಾಕುತ್ತೇನೆ.

ಸೊಲಾನಾ 150ಕ್ಕೆ ಕೊಂಡೆ. ಎಟಿಆರ್ 4 ಇತ್ತು, ಅಂದರೆ 140ಕ್ಕೆ ಹೊರಗೆ ಬರಬೇಕಿತ್ತು. ಬರಲೇ ಇಲ್ಲ. ಕೊನೆಗೆ ಗಾಬರಿಯಾಗಿ 133ಕ್ಕೆ ನಾನೇ ಕೈಯಾರೆ ಮಾರಿದೆ. ಇನ್ನೊಂದು ವಿಷಯ, ನನ್ನ ಎಟಿಆರ್ ಚಾರ್ಟಿನ ಎಟಿಆರ್ ಜೊತೆ ಹೊಂದುತ್ತಿಲ್ಲ. ಕೋಡ್ ಇದು:

```python
df["atr"] = tr.rolling(14).mean()
stop = df["close"].iloc[-1] - 2.5 * df["atr"].iloc[-1]
```

ಶಿರಸಿಹುಡುಗ

ಅಣ್ಣ, 2.5 ಸಾಲದು. ಕ್ರಿಪ್ಟೊಗೆ 4 ಇಡು. ನಾನು 2ರಲ್ಲಿದ್ದಾಗ ದಿನಾ ಸ್ಟಾಪ್ ಹೊಡೆಯುತ್ತಿತ್ತು, 4 ಮಾಡಿದ ಮೇಲೆ ತುಂಬಾ ಕಮ್ಮಿಯಾಯಿತು.

ಹಳೇಚಾರ್ಟ್

ಶಿರಸಿಯವರೇ, ನೀವು ಹೇಳುವುದು ಸ್ಟಾಪ್ ಬೇಗ ಹೊಡೆಯುವವರಿಗೆ ಸರಿ. ಇವರ ಕಷ್ಟ ಅದರ ಉಲ್ಟಾ, ಸ್ಟಾಪ್ ಹೊಡೆಯಲೇ ಇಲ್ಲ.

ರಾತ್ರಿಪಾಳಿ, ಖರೀದಿಯಾದ ಮೇಲೆ ಪ್ರತಿ ಕ್ಯಾಂಡಲ್‌ಗೂ ನಿಮ್ಮ ಸ್ಟಾಪ್ ಎಷ್ಟಿತ್ತು ಅಂತ ಲಾಗ್ ತೆಗೆದು ಇಲ್ಲಿ ಹಾಕಿ. ಆ ಎರಡನೇ ಸಾಲು ನೋಡಿದರೆ ನನಗೆ ಅನುಮಾನ ಬರುತ್ತಿದೆ.

ರಾತ್ರಿಪಾಳಿ

ತೆಗೆದೆ ಸರ್.

```
close   low     atr   stop
150.0   148.2   4.0   140.0
143.0   142.0   4.4   132.0
140.5   139.5   4.8   128.5
135.0   134.0   5.1   122.2
```

ಹಳೇಚಾರ್ಟ್

ಕೊನೆಯ ಅಂಕಣವನ್ನು ಮೇಲಿಂದ ಕೆಳಗೆ ಓದಿ. ಬೆಲೆ ಬೀಳುತ್ತಿದ್ದಂತೆ ಸ್ಟಾಪ್ ಕೂಡ ಅದರ ಮುಂದೆ ಮುಂದೆ ಓಡುತ್ತಿದೆ. ಕಾರಣ ಎರಡು. ಒಂದು, ನೀವು ದೂರವನ್ನು ಕೊಂಡ ಬೆಲೆಯಿಂದ ಕಳೆಯುತ್ತಿಲ್ಲ, ಆಗಿನ ಕ್ಲೋಸ್‌ನಿಂದ ಕಳೆಯುತ್ತಿದ್ದೀರಿ. ಎರಡು, ಬೆಲೆ ಜೋರಾಗಿ ಬಿದ್ದಾಗ ಕ್ಯಾಂಡಲ್ ಉದ್ದವಾಗುತ್ತದೆ, ಎಟಿಆರ್ ತಾನೇ ಏರುತ್ತದೆ. ಹಾಗಾಗಿ ಯಾವ ಹೊತ್ತಿಗೆ ಸ್ಟಾಪ್ ಬೇಕೋ ಅದೇ ಹೊತ್ತಿಗೆ ಅದು ಇನ್ನಷ್ಟು ದೂರ ಹೋಗುತ್ತದೆ. ಮೂರನೇ ಸಾಲಿನ ಲೋ ನೋಡಿ, 139.5. ನಿಮ್ಮ ಮೊದಲ ಸ್ಟಾಪ್ 140 ಅಲ್ಲೇ ಇದ್ದಿದ್ದರೆ ಆ ಕ್ಯಾಂಡಲ್‌ನಲ್ಲೇ ಹೊರಗೆ ಬಂದಿರುತ್ತಿದ್ದಿರಿ.

ಎಟಿಆರ್ ಕಾಯಿನ್‌ಗೆ ತಕ್ಕಂತೆ ಹೊಂದಿಕೊಳ್ಳಬೇಕು ನಿಜ, ಆದರೆ ಕೊಳ್ಳುವ ಕ್ಷಣದಲ್ಲಿ ಮಾತ್ರ. ಕೊಂಡ ಮೇಲೆ ಆ ಸಂಖ್ಯೆಯನ್ನು ಹಿಡಿದಿಡಿ. ಆಮೇಲೆ ಸ್ಟಾಪ್ ಮೇಲೆ ಹೋಗಬಹುದು, ಕೆಳಗೆ ಬರಬಾರದು.

```python
# ಕೊಂಡಾಗ ಒಂದೇ ಸಲ
atr0 = df["atr"].iloc[-2]
stop = entry - 2.5 * atr0

# ಪ್ರತಿ ಕ್ಯಾಂಡಲ್ ಮುಗಿದಾಗ
stop = max(stop, df["close"].iloc[-2] - 2.5 * atr0)
```

`-1` ಬದಲು `-2` ಯಾಕೆ ಅಂದರೆ, ಎಕ್ಸ್‌ಚೇಂಜ್‌ಗಳು ಸಾಮಾನ್ಯವಾಗಿ ಇನ್ನೂ ಮುಗಿಯದ ಕ್ಯಾಂಡಲನ್ನೂ ಕೊನೆಯ ಸಾಲಾಗಿ ಕಳಿಸುತ್ತವೆ. ನಿಮ್ಮ ಸ್ಕ್ರಿಪ್ಟ್ ಸರಿಯಾಗಿ 4 ಗಂಟೆಗೆ ಓಡಿದರೆ ಆ ಕ್ಯಾಂಡಲ್ ಆಗಷ್ಟೇ ಹುಟ್ಟಿರುತ್ತದೆ. ಅದರ ಹೈ, ಲೋ ಹೆಚ್ಚುಕಡಿಮೆ ಒಂದೇ. 14ರಲ್ಲಿ ಒಂದು ಸೊನ್ನೆ ಸೇರಿದ ಹಾಗೆ, ಎಟಿಆರ್ ಸುಮಾರು 7% ಕಮ್ಮಿ ಬರುತ್ತದೆ.

ಕಾಫಿಕಪ್

ಚಾರ್ಟ್ ಜೊತೆ ಹೊಂದದಿರುವುದಕ್ಕೆ ಇನ್ನೊಂದು ಕಾರಣ `rolling`. ಚಾರ್ಟ್‌ಗಳು ಸುಮ್ನೆ ಸರಾಸರಿ ತೆಗೆಯುವುದಿಲ್ಲ. `ewm(span=14)` ಹಾಕಿ, ಸರಿಹೋಗುತ್ತದೆ.

ಹಳೇಚಾರ್ಟ್

ದಾರಿ ಸರಿ ಮೇಡಂ, ಸಂಖ್ಯೆ ಬೇರೆ. ವೈಲ್ಡರ್ 1978ರಲ್ಲಿ ಇದನ್ನು ಕೊಟ್ಟಾಗ ಹಳೆಯ ಮೌಲ್ಯಕ್ಕೆ 14ರಲ್ಲಿ 13 ಪಾಲು, ಹೊಸದಕ್ಕೆ 1 ಪಾಲು ಇಟ್ಟರು. `span=14` ಹಾಕಿದರೆ ಹೊಸದಕ್ಕೆ 15ರಲ್ಲಿ 2 ಪಾಲು ಹೋಗುತ್ತದೆ, ಹೆಚ್ಚುಕಡಿಮೆ ಎರಡರಷ್ಟು ಚುರುಕಾಗುತ್ತದೆ. ಚಾರ್ಟಿನಂತೆ ಬೇಕಾದರೆ ಹೀಗೆ:

```python
df["atr"] = tr.ewm(alpha=1/14, adjust=False).mean()
```

ಇದಕ್ಕೆ ಕನಿಷ್ಠ 150 ಕ್ಯಾಂಡಲ್ ಹಿಂದಿನಿಂದ ಡೇಟಾ ಕೊಡಿ. 30 ಕೊಟ್ಟರೆ ಮೊದಲ ಕ್ಯಾಂಡಲಿನ ಪ್ರಭಾವ ಇನ್ನೂ ಉಳಿದಿರುತ್ತದೆ.

ಅಡಿಕೆತೋಟ

ನನ್ನದೂ ಇದೇ ಕಥೆ. ರೂಪಾಯಿ ಜೋಡಿಯಲ್ಲಿ ಒಂದು ಸಣ್ಣ ಕಾಯಿನ್ ಇಟ್ಟಿದ್ದೆ. ಎಟಿಆರ್ ತುಂಬಾ ಚಿಕ್ಕದಿತ್ತು, ಶಾಂತವಾದ ಕಾಯಿನ್ ಅಂದುಕೊಂಡು ಹತ್ತಿರಕ್ಕೆ ಸ್ಟಾಪ್ ಲಿಮಿಟ್ ಹಾಕಿ, ಜಾಸ್ತಿ ಕೊಂಡೆ. ಒಂದು ದಿನ ಬೆಲೆ ಲಿಮಿಟ್ ದಾಟಿ ಕೆಳಗೆ ಹಾರಿತು, ಆರ್ಡರ್ ತುಂಬಲೇ ಇಲ್ಲ. ನಾನು ಕೂಡ 4 ಪಟ್ಟು ಮಾಡಬೇಕಿತ್ತೇನೋ?

ಹಳೇಚಾರ್ಟ್

ಅಡಿಕೆತೋಟದವರೇ, ನಿಮ್ಮದು ಬೇರೆ ರೋಗ. ಒಂದು ನಿಮಿಷದ ಚಾರ್ಟ್ ತೆಗೆದು ನೋಡಿ, ವಾಲ್ಯೂಮ್ ಇಲ್ಲದ ಚಪ್ಪಟೆ ಗೆರೆಗಳು ಸಾಲಾಗಿ ಸಿಕ್ಕರೆ ಅಲ್ಲಿ ವ್ಯಾಪಾರವೇ ನಡೆಯುತ್ತಿಲ್ಲ ಅಂತ ಅರ್ಥ. ಯಾರೂ ಕೊಳ್ಳದಿದ್ದರೆ ಎಟಿಆರ್ ಚಿಕ್ಕದಾಗಿಯೇ ಕಾಣುತ್ತದೆ. ಅದು ಶಾಂತಿ ಅಲ್ಲ, ಖಾಲಿ ಆರ್ಡರ್ ಬುಕ್. ಎಷ್ಟು ಪಟ್ಟು ಹಾಕಿದರೂ ಅದನ್ನು ಸರಿಮಾಡಲು ಆಗದು. ಅಂಥಲ್ಲಿ ನಾನು ಎಟಿಆರ್ ನಂಬುವುದಿಲ್ಲ.

ರಾತ್ರಿಪಾಳಿ, ಇನ್ನೊಂದು ಮಾತು ಉಳಿದಿದೆ, ಅದೇ 400 ಡಾಲರ್. ಸ್ಟಾಪ್ ದೂರ ಬದಲಾದರೆ ಕೊಳ್ಳುವ ಮೊತ್ತವೂ ಬದಲಾಗಬೇಕು. ಇಲ್ಲದಿದ್ದರೆ ಜಾಸ್ತಿ ಕುಣಿಯುವ ಕಾಯಿನ್‌ನಲ್ಲೇ ಜಾಸ್ತಿ ಕಳೆದುಕೊಳ್ಳುತ್ತೀರಿ. ಬಿಟ್‌ಕಾಯಿನ್ ಸ್ಟಾಪ್ 3% ದೂರ, ಡೋಜ್ 10% ದೂರ ಇದೆ ಅಂದುಕೊಳ್ಳಿ. ಎರಡಕ್ಕೂ 400 ಹಾಕಿದರೆ ಒಂದರಲ್ಲಿ ಹೋಗುವುದು 12 ಡಾಲರ್, ಇನ್ನೊಂದರಲ್ಲಿ 40.

ಹಿಂದಿನಿಂದ ಲೆಕ್ಕ ಹಾಕಿ. ಒಂದು ಟ್ರೇಡಿಗೆ 20 ಡಾಲರ್ ಹೋದರೆ ತಡೆದುಕೊಳ್ಳುತ್ತೇನೆ ಅಂದರೆ, 20ನ್ನು ಸ್ಟಾಪ್ ದೂರದಿಂದ ಭಾಗಿಸಿ. ಸೊಲಾನಾ ದೂರ 10, ಹಾಗಾಗಿ 2 ಕಾಯಿನ್, 300 ಡಾಲರ್. ಡೋಜ್‌ಗೆ 200 ಡಾಲರ್ ಬರುತ್ತದೆ, ಬಿಟ್‌ಕಾಯಿನ್‌ಗೆ ಸುಮಾರು 667. ಮೊತ್ತ ಬೇರೆ ಬೇರೆ, ಸ್ಟಾಪ್ ಹೊಡೆದರೆ ಹೋಗುವುದು ಎಲ್ಲದರಲ್ಲೂ 20. ಶುಲ್ಕ ಮತ್ತು ಜಾರುವ ಬೆಲೆ ಅದರ ಮೇಲೆ.

ರಾತ್ರಿಪಾಳಿ

ಈಗ ಅರ್ಥವಾಯಿತು ಸರ್. ಹಳೇ ಡೇಟಾ ಮೇಲೆ ಹೊಸ ಕೋಡ್ ಓಡಿಸಿದೆ, ಸೊಲಾನಾ ಮೂರನೇ ಕ್ಯಾಂಡಲ್‌ನಲ್ಲಿ 140ಕ್ಕೆ ಹೊರಬಂತು. ಸ್ಟಾಪ್ ಒಂದು ಸಲವೂ ಕೆಳಗೆ ಇಳಿಯಲಿಲ್ಲ. ಆದರೆ ಒಂದು ಅನುಮಾನ. ಭಾನುವಾರ ರಾತ್ರಿ ಕೊಂಡರೆ ಎಟಿಆರ್ ಬಹಳ ಕಮ್ಮಿ ಇರುತ್ತದೆ. ಆಗ ಸ್ಟಾಪ್ ಹತ್ತಿರ, ಮೊತ್ತ ದೊಡ್ಡದು. ಸೋಮವಾರ ಮಾರುಕಟ್ಟೆ ಅಲುಗಾಡಿದರೆ?

ಹಳೇಚಾರ್ಟ್

ಒಳ್ಳೇ ಪ್ರಶ್ನೆ. 4 ಗಂಟೆಯ 14 ಕ್ಯಾಂಡಲ್ ಅಂದರೆ 56 ಗಂಟೆ. ಭಾನುವಾರ ರಾತ್ರಿ ಆ ಲೆಕ್ಕದಲ್ಲಿ ವಾರಾಂತ್ಯವೇ ತುಂಬಿರುತ್ತದೆ. `alpha=1/14` ಹಳೆಯದನ್ನು ಸ್ವಲ್ಪ ನೆನಪಿಟ್ಟುಕೊಳ್ಳುತ್ತದೆ, ಆದರೂ ಸಾಲದು. ನಾನು 14ರ ಎಟಿಆರ್ ಮತ್ತು 100ರ ಎಟಿಆರ್ ಎರಡನ್ನೂ ತೆಗೆದು, ಯಾವುದು ದೊಡ್ಡದೋ ಅದನ್ನು ಹಿಡಿಯುತ್ತೇನೆ.

ಕಾಫಿಕಪ್

ಅದರಲ್ಲಿ ಒಂದು ತೊಂದರೆ ಇದೆ ಸರ್. ವಾರದ ಹಿಂದೆ ಒಂದು ದೊಡ್ಡ ಕುಸಿತ ಆಗಿದ್ದರೆ 100ರದ್ದು ತುಂಬಾ ದಿನ ಉಬ್ಬಿಕೊಂಡೇ ಇರುತ್ತದೆ. ಸ್ಟಾಪ್ ಸುಮ್ಮನೆ ದೂರ, ಮೊತ್ತ ಸುಮ್ಮನೆ ಚಿಕ್ಕದು. ನಾನು ಸರಾಸರಿ ಬಿಟ್ಟು ಮಧ್ಯಾಂಕ ಬಳಸಿ ನೋಡುತ್ತಿದ್ದೇನೆ. ಒಂದೇ ಒಂದು ಉದ್ದ ಕ್ಯಾಂಡಲ್ ಅದನ್ನು ಅಷ್ಟು ಅಲುಗಿಸುವುದಿಲ್ಲ.

ಹಳೇಚಾರ್ಟ್

ಹೌದು, ಅದು ನನಗೂ ಆಗಿದೆ. ಮೊತ್ತ ಚಿಕ್ಕದಾದರೆ ನಾನು ಸಹಿಸಿಕೊಳ್ಳುತ್ತೇನೆ, ದೊಡ್ಡದಾಗುವುದು ಬೇಡ. ಆದರೆ ಮಧ್ಯಾಂಕ ತೆಗೆದುಕೊಂಡರೆ ನಿಜವಾಗಿ ಮಾರುಕಟ್ಟೆಯ ಸ್ವಭಾವವೇ ಬದಲಾದಾಗ ತಡವಾಗಿ ಗೊತ್ತಾಗುತ್ತದೆ ಅಲ್ವಾ? ಸೊಲಾನಾ, ಡೋಜ್ ಎರಡರಲ್ಲೂ ಓಡಿಸಿದ ಲಾಗ್ ಇದ್ದರೆ ಹಾಕಿ ಮೇಡಂ, ನನ್ನದರ ಪಕ್ಕದಲ್ಲಿಟ್ಟು ನೋಡೋಣ.

ಕಾಫಿಕಪ್

ಶನಿವಾರ ಹಾಕುತ್ತೇನೆ.