ಅಪ್‌ಡೇಟ್: ಸ್ಕ್ರೀನ್‌ಶಾಟಿನ ಅಡಿಕೆ ಸುಲಿಯುವ ಯಂತ್ರ

ನಾನು ಕೇಳಿದ್ದು: "ಅಡಿಕೆ ಸುಲಿಯುವ ಯಂತ್ರಕ್ಕೆ 4,999 ರೂಪಾಯಿ ಎಂಬ ಜಾಹೀರಾತಿನ ಸ್ಕ್ರೀನ್‌ಶಾಟ್ ಮಾತ್ರ ನನ್ನಲ್ಲಿದೆ. ಇದು ಯಾವ ಯಂತ್ರ? ಮಾರುವವರನ್ನು ನಂಬಬಹುದೇ?"

ಶಿರಸಿಯಿಂದ ಮತ್ತೆ ಬರೆಯುತ್ತಿದ್ದೇನೆ. ಇಡೀ ಸ್ಕ್ರೀನ್‌ಶಾಟನ್ನು ಗೂಗಲ್ ಲೆನ್ಸ್‌ಗೆ ಕೊಟ್ಟಾಗ ಅದು ದೊಡ್ಡ ಅಕ್ಷರಗಳ ಬೆನ್ನು ಹತ್ತಿ, ಅಂಥವೇ ಜಾಹೀರಾತುಗಳನ್ನು ತೋರಿಸಿತು. ಬೆಲೆ, ಬರಹ ಎಲ್ಲವನ್ನೂ ಕತ್ತರಿಸಿ ಯಂತ್ರವನ್ನಷ್ಟೇ ಉಳಿಸಿದ ಮೇಲೆ ತಯಾರಕರ ಪುಟ ಸಿಕ್ಕಿತು. ಹಾಪರಿನ ಆಕಾರ, ಮೋಟಾರಿನ ಜಾಗ, ಹಿಂದಿನ ಗೋಡೆಯ ಬಿರುಕು ಕೂಡ ಒಂದೇ. ಅಲ್ಲಿ ಬೆಲೆ ಹತ್ತು ಪಟ್ಟಿಗೂ ಹೆಚ್ಚು! ಚಿತ್ರ ಅವರದು, ಮಾರುವವನು ಬೇರೆ.

ಆದರೂ ಅವನು ಅಧಿಕೃತ ವಿತರಕನಿರಬಹುದಲ್ಲ ಎಂದು ಅವನ ಜಾಲತಾಣದ ಅಡಿಯಲ್ಲಿದ್ದ ಜಿಎಸ್‌ಟಿ ಸಂಖ್ಯೆಯನ್ನು ನೋಡಿದೆ. ವಿಳಾಸ ಬೆಂಗಳೂರಿನದು, ಸಂಖ್ಯೆ ಮಾತ್ರ 24ರಿಂದ ಶುರು. ಅದು ಗುಜರಾತಿನ ಸಂಕೇತ, ಕರ್ನಾಟಕದ್ದು 29. ಬೇರೆ ರಾಜ್ಯದಲ್ಲಿ ನೋಂದಣಿ ಇರುವುದೇ ಮೋಸವಲ್ಲ. ಹಾಗಾಗಿ gst.gov.in ನಲ್ಲಿ Search Taxpayer ತೆರೆದು ಹುಡುಕಿದೆ. ಅದು ಬಟ್ಟೆ ಅಂಗಡಿಯೊಂದರ ಸಂಖ್ಯೆ, ನೋಂದಣಿಯೂ ರದ್ದಾಗಿತ್ತು. ಯಾರದೋ ಸಂಖ್ಯೆಯನ್ನು ಎತ್ತಿ ಅಂಟಿಸಿದ್ದಾರೆ ಎಂದು ಸಿಟ್ಟು ಬಂತು.

ಮಾರುವವನ ಫೇಸ್‌ಬುಕ್ ಪುಟದ ಪಾರದರ್ಶಕತೆ ವಿಭಾಗದಲ್ಲಿ ಹೆಸರು ಮೂರು ಸಲ ಬದಲಾಗಿದ್ದೂ ಕಂಡಿತು.

ಮುಂಗಡ ಕಟ್ಟಲಿಲ್ಲ. ತಯಾರಕರಿಗೇ ಫೋನ್ ಮಾಡಿದ್ದೇನೆ. ಮುಂದಿನ ವಾರ ಹಸಿ ಅಡಿಕೆ ಒಯ್ದು ಯಂತ್ರವನ್ನು ಓಡಿಸಿ ನೋಡುತ್ತೇನೆ.