kx − ωt: ಮೈನಸ್ ಇದ್ದರೂ ಅಲೆ ಬಲಕ್ಕೇ ಏಕೆ ಹೋಗುತ್ತದೆ?

ಕೇಳಿದವರು: ಬಿ.ಎಸ್ಸಿ. ಮೊದಲ ವರ್ಷದ ವಿದ್ಯಾರ್ಥಿ

y = A sin(kx − ωt) ಬಲಕ್ಕೆ ಸಾಗುವ ಅಲೆ ಎಂದು ಪುಸ್ತಕ ಹೇಳುತ್ತದೆ. ನನ್ನ ರೂಮ್‌ಮೇಟ್ ಒಪ್ಪುತ್ತಿಲ್ಲ. ಕಾಲ ಕಳೆದಂತೆ ಆವರಣದೊಳಗಿನ ಬೆಲೆ ಕಡಿಮೆಯಾಗುತ್ತಾ ಹೋಗುತ್ತದೆ, ಆದ್ದರಿಂದ ಅಲೆ ಹಿಂದಕ್ಕೆ, ಅಂದರೆ ಎಡಕ್ಕೆ ಹೋಗಬೇಕು ಎನ್ನುತ್ತಾನೆ. ನನ್ನ ಬಳಿ ಬಾಯಿಪಾಠದ ಉತ್ತರವಿದೆ, ಅವನ ವಾದಕ್ಕೆ ಉತ್ತರವಿಲ್ಲ. ನಿಮಗೆಲ್ಲ ಇದು ಹೇಗೆ ಬಗೆಹರಿಯಿತು?

ಪಿಯು ಟ್ಯೂಷನ್ ಮೇಷ್ಟ್ರು, ದಾವಣಗೆರೆ

ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳುವುದು ಬೇಡ. t ಹಿಂದೆ ಮೈನಸ್ ಇದ್ದರೆ ಬಲಕ್ಕೆ, ಪ್ಲಸ್ ಇದ್ದರೆ ಎಡಕ್ಕೆ. ನಮ್ಮ ಮಕ್ಕಳು ಸಿಇಟಿಯಲ್ಲಿ ಇದನ್ನೇ ನೋಡಿ ಉತ್ತರ ಗುರುತು ಮಾಡುತ್ತಾರೆ, ಅರ್ಧ ನಿಮಿಷವೂ ಹಿಡಿಯುವುದಿಲ್ಲ. ಏಕೆ ಎಂಬುದು ಮುಂದೆ ಎಂ.ಎಸ್ಸಿ. ಓದುವಾಗ ತಾನಾಗಿಯೇ ತಿಳಿಯುತ್ತದೆ.

ಭೌತಶಾಸ್ತ್ರ ಉಪನ್ಯಾಸಕಿ, ಉಡುಪಿ

ತಾನಾಗಿ ತಿಳಿಯುವುದಿಲ್ಲ ಮೇಷ್ಟ್ರೇ. ಎಂ.ಎಸ್ಸಿ. ಮುಗಿಸಿ ಬಂದವರೂ ಇಲ್ಲಿ ತಡವರಿಸುವುದನ್ನು ನೋಡಿದ್ದೇನೆ.

ಹಾಸ್ಟೆಲ್‌ನಲ್ಲಿ ನನ್ನ ರೂಮ್‌ಮೇಟ್ ಗಣಿತದ ವಿದ್ಯಾರ್ಥಿನಿ. ನಿಮ್ಮ ಗೆಳೆಯನ ವಾದವನ್ನೇ ಅವಳೂ ಹೂಡಿದ್ದಳು, ಮತ್ತು ಅವಳನ್ನು ಸೋಲಿಸುವುದು ಸುಲಭವಿರಲಿಲ್ಲ. ಲೆಕ್ಕಕ್ಕೆ ನಾವು k = 2, ω = 6 ಎಂದು ಇಟ್ಟುಕೊಂಡೆವು. x ಸೆಂಟಿಮೀಟರಿನಲ್ಲಿ, t ಸೆಕೆಂಡಿನಲ್ಲಿ. ಅಂದರೆ sin(2x − 6t).

"t = 0 ಆದಾಗ ಉಬ್ಬು ಎಲ್ಲಿದೆ ಹೇಳು" ಎಂದೆ.

"2x ಎಂಬುದು π/2 ಆಗಬೇಕು. x = 0.79ರ ಹತ್ತಿರ."

"0.1 ಸೆಕೆಂಡಿನ ನಂತರ ಅದೇ ಉಬ್ಬು?"

"2x − 0.6 ಎಂಬುದು π/2 ಆಗಬೇಕು. 2x ಅಂದರೆ 2.17. x = 1.09." ಪೆನ್ನು ಕೆಳಗಿಟ್ಟಳು. "ಬಲಕ್ಕೆ 0.3 ಸರಿದಿದೆ, ನಿಜ. ಆದರೆ ಇದು ಲೆಕ್ಕ, ಕಾರಣವಲ್ಲ. ನನ್ನ ವಾದದಲ್ಲಿ ತಪ್ಪೆಲ್ಲಿದೆ ಎಂದು ನೀನು ತೋರಿಸಲೇ ಇಲ್ಲ ಮಾರಾಯ್ತಿ. x = 0ಯಲ್ಲಿ ನಿಂತು ನೋಡು. ಮೊದಲು ಆವರಣದ ಬೆಲೆ 0, ಆಮೇಲೆ −0.6. ಇಳಿದಿದೆಯೋ ಇಲ್ಲವೋ?"

ಇಳಿದಿದೆ. ಅವಳು ಹೇಳಿದ್ದು ಸಂಪೂರ್ಣ ಸರಿ. ಹೆಚ್ಚಿನವರು ಇಲ್ಲಿ "ನಿನ್ನ ವಾದ ತಪ್ಪು" ಎಂದುಬಿಡುತ್ತಾರೆ, ಎದುರಿನವರು ಅದನ್ನು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಒಂದೇ ಜಾಗದಲ್ಲಿ ನಿಂತವರಿಗೆ ಆವರಣದ ಬೆಲೆ ಇಳಿಯುತ್ತಲೇ ಹೋಗುತ್ತದೆ. ಆ ಇಳಿತದಿಂದ ಅಲೆ ಎಡಕ್ಕೆ ಹೋಗುತ್ತದೆ ಎಂದು ಹೇಳುವುದು ಮಾತ್ರ ಆತುರ. ಹಾಗಾಗಿ ಅವಳನ್ನು ಅಲ್ಲಿಂದಲೇ ಮುಂದಕ್ಕೆ ಕೇಳಿದೆ: "ಈಗ ನಿನ್ನ ಕಾಲ ಬುಡದಲ್ಲಿ −0.6 ಇದೆ. ಮೊದಲ ಚಿತ್ರದಲ್ಲಿ, ಅಂದರೆ t = 0 ಇದ್ದಾಗ, ಈ −0.6 ಎಲ್ಲಿತ್ತು?"

"2x = −0.6. x = −0.3ರಲ್ಲಿ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದರೆ ನನ್ನ ಎಡಗಡೆ ಇದ್ದದ್ದು ನನ್ನ ಬಳಿಗೆ ಬಂದಿದೆ" ಎಂದಳು.

ಇಷ್ಟೇ ವಿಷಯ. ಚಿತ್ರದಲ್ಲಿ ಕಡಿಮೆ ಬೆಲೆಗಳೆಲ್ಲ ಎಡಗಡೆ ಇರುತ್ತವೆ, ಏಕೆಂದರೆ kx ಎಡಕ್ಕೆ ಹೋದಂತೆ ಇಳಿಯುತ್ತದೆ. ನಾನು ನಿಂತಲ್ಲಿ ಬೆಲೆ ಇಳಿಯುತ್ತಿದೆ ಎಂದರೆ ಎಡಗಡೆಯ ಸರಕು ನನ್ನ ಕಡೆಗೆ ಬರುತ್ತಿದೆ. ಎಡದಿಂದ ಬರುವ ಅಲೆ ಬಲಕ್ಕೆ ಹೋಗುವ ಅಲೆ. ನಿಮ್ಮ ಗೆಳೆಯನ ವಾದವನ್ನು ಕೈಬಿಡುವ ಅಗತ್ಯವಿಲ್ಲ, ಇನ್ನೊಂದು ಹೆಜ್ಜೆ ಮುಂದಕ್ಕೆ ನಡೆಸಿದರೆ ಅದೇ ಬಲಕ್ಕೆ ತಲುಪಿಸುತ್ತದೆ.

ಆದರೂ ಅವಳಿಗೆ ಸಮಾಧಾನವಾಗಲಿಲ್ಲ. ಗಣಿತದವರಲ್ಲವೇ, ಸೈನ್ ಏಕೆ ಬೇಕು, ಯಾವ ಆಕಾರವಾದರೂ ಹೀಗೆಯೇ ಆಗಬೇಕು ಎಂದಳು. ಒಂದು ಕಾಗದದ ಪಟ್ಟಿ ಕತ್ತರಿಸಿ ಅದರ ಅಂಚಿನಲ್ಲಿ ಸೆಂಟಿಮೀಟರ್ ಗುರುತು ಹಾಕಿ, 2ರ ಮೇಲೆ ಒಂದು ದಿಬ್ಬ ಬರೆದಳು. ಅದನ್ನು ಸ್ಕೇಲಿನ ಪಕ್ಕಕ್ಕಿಟ್ಟು ಸೊನ್ನೆಗೆ ಸೊನ್ನೆ ಹೊಂದಿಸಿ, ಪಟ್ಟಿಯನ್ನು 3 ಸೆಂ.ಮೀ. ಬಲಕ್ಕೆ ಜಾರಿಸಿದಳು. ಈಗ ಸ್ಕೇಲಿನ 5ರ ಎದುರು ಪಟ್ಟಿಯ ಯಾವ ಗುರುತು ಇದೆ? 2. ಸ್ಕೇಲಿನ 7ರ ಎದುರು? 4. ಎಲ್ಲೆಡೆ ಸ್ಕೇಲಿನ ಸಂಖ್ಯೆಯಿಂದ 3 ಕಳೆದರೆ ಪಟ್ಟಿಯ ಸಂಖ್ಯೆ. ಪಟ್ಟಿ ಸೆಕೆಂಡಿಗೆ 3 ಸೆಂ.ಮೀ. ಓಡುತ್ತಿದ್ದರೆ ಕಳೆಯಬೇಕಾದದ್ದು 3t. ಹೀಗೆ x − 3t ಬಂತು, ಅದನ್ನು 2ರಿಂದ ಗುಣಿಸಿದರೆ ನಮ್ಮ 2x − 6t.

"ಮೈನಸ್ ಅಲೆಯ ಚಲನೆಯಲ್ಲ. ಪಟ್ಟಿ ಮುಂದೆ ಹೋದದ್ದರಿಂದ, ಅದರ ಮೂಲ ಗುರುತನ್ನು ಓದಲು ನಾನು ಹಿಂದಕ್ಕೆ ಎಣಿಸುತ್ತಿದ್ದೇನೆ" ಎಂದಳು. ನಾನು ಈಗಲೂ ತರಗತಿಯಲ್ಲಿ ಪಟ್ಟಿಯಿಂದಲೇ ಶುರು ಮಾಡುತ್ತೇನೆ. ಸೈನ್ ಆಮೇಲೆ.

ದೂರಸಂಪರ್ಕ ಕೇಬಲ್ ಕೆಲಸ, ಹುಬ್ಬಳ್ಳಿ

ನಮ್ಮ ಕೆಲಸದಲ್ಲಿ ಈ ಮೈನಸ್ ದಿನವೂ ಕಣ್ಣಿಗೆ ಬೀಳುತ್ತದೆ. ಕೇಬಲ್ ಎಲ್ಲಿ ಕೆಟ್ಟಿದೆ ಎಂದು ತಿಳಿಯಲು ಒಂದು ತುದಿಯಿಂದ ಪಲ್ಸ್ ಬಿಡುತ್ತೇವೆ, ಪ್ರತಿಫಲಿಸಿ ಬಂದದ್ದನ್ನು ಪರದೆಯ ಮೇಲೆ ನೋಡುತ್ತೇವೆ. ಒಳಗೆ ಗಟ್ಟಿ ಪಾಲಿಥಿನ್ ಇರುವ ಕೋಆಕ್ಸಿಯಲ್ ಕೇಬಲ್‌ನಲ್ಲಿ ಪಲ್ಸ್ ಬೆಳಕಿನ ಮೂರನೇ ಎರಡು ಭಾಗದಷ್ಟು ವೇಗದಲ್ಲಿ, ಅಂದರೆ ಸೆಕೆಂಡಿಗೆ ಸುಮಾರು 20 ಕೋಟಿ ಮೀಟರ್ ಓಡುತ್ತದೆ. 1 ಮೈಕ್ರೊಸೆಕೆಂಡಿಗೆ ಮರಳಿ ಬಂದರೆ ಹೋಗಿ ಬರುವ ದಾರಿ 200 ಮೀಟರ್, ದೋಷ 100 ಮೀಟರ್ ದೂರದಲ್ಲಿದೆ. ಮರಳಿದ ಪಲ್ಸ್ ತಲೆಕೆಳಗಾಗಿದ್ದರೆ ಎರಡು ತಂತಿಗಳು ಒಂದಕ್ಕೊಂದು ತಾಗಿವೆ, ನೆಟ್ಟಗಿದ್ದರೆ ತಂತಿ ತುಂಡಾಗಿದೆ. ಹಾಗಾಗಿ ಮೈನಸ್ ಎಂದರೆ ಹಿಂದಕ್ಕೆ ಬರುವುದು ಎಂಬ ನಿಮ್ಮ ಗೆಳೆಯನ ಮಾತಿನಲ್ಲಿ ಅರ್ಥವಿದೆ.

ಭೌತಶಾಸ್ತ್ರ ಉಪನ್ಯಾಸಕಿ, ಉಡುಪಿ

ನೀವು ಹೇಳುತ್ತಿರುವುದು ಬೇರೆ ಮೈನಸ್ ಸರ್. ತಂತಿ ತಾಗಿದಾಗ ಬರುವ ಮೈನಸ್ ಅಲೆಯ ಎತ್ತರದ ಮುಂದೆ ಇರುತ್ತದೆ, sin ಆಚೆಗೆ. ತುಂಡಾದ ಕೇಬಲ್‌ನಿಂದ ನೆಟ್ಟಗೆ ಮರಳುವ ಪಲ್ಸ್ ಕೂಡ ಹಿಂದಕ್ಕೇ ಬರುತ್ತದಲ್ಲ? ದಿಕ್ಕನ್ನು ಹೇಳುವುದು ಆವರಣದ ಒಳಗೆ x ಮತ್ತು t ನಡುವೆ ಇರುವ ಚಿಹ್ನೆ ಮಾತ್ರ. ನಿಮ್ಮ 100 ಮೀಟರ್ ಲೆಕ್ಕ ಸರಿಯಾಗಿದೆ.

ಕೇಳಿದವರು

ಕಾಗದದ ಪಟ್ಟಿಗೆ ರೂಮ್‌ಮೇಟ್ ಒಪ್ಪಿದ. ಆದರೆ ಮೇಷ್ಟ್ರ ಸೂತ್ರವನ್ನು ಹಿಡಿದುಕೊಂಡ. ಇನ್ನೊಂದು ಪುಸ್ತಕದಲ್ಲಿ sin(ωt − kx) ಎಂದಿದೆ, ಅಲ್ಲಿ t ಹಿಂದೆ ಮೈನಸ್ ಇಲ್ಲ. ಅದು ಎಡಕ್ಕೆ ಹೋಗಬೇಕೇ?

ಪಿಯು ಟ್ಯೂಷನ್ ಮೇಷ್ಟ್ರು, ದಾವಣಗೆರೆ

ಅಲ್ಲಿ ಎರಡೂ ಚಿಹ್ನೆ ನೋಡಬೇಕು. x ಮತ್ತು t ಚಿಹ್ನೆಗಳು ಬೇರೆ ಬೇರೆಯಾಗಿದ್ದರೆ ಬಲಕ್ಕೆ, ಒಂದೇ ಆಗಿದ್ದರೆ ಎಡಕ್ಕೆ. kx − ωt, ωt − kx ಎರಡೂ ಒಂದೇ ಅಲೆ, ಹೆದರಬೇಡಿ.

ಭೌತಶಾಸ್ತ್ರ ಉಪನ್ಯಾಸಕಿ, ಉಡುಪಿ

ಮೊದಲ ವಾಕ್ಯಕ್ಕಿಂತ ಎರಡನೆಯದು ಚೆನ್ನಾಗಿದೆ, ಅದನ್ನೇ ಮಕ್ಕಳಿಗೂ ಕೊಡಿ. ಮೂರನೆಯದು ಅರ್ಧ ಸರಿ. ಕೊಸೈನ್ ಆದರೆ ಎರಡೂ ಒಂದೇ ಅಲೆ. ಸೈನ್ ಆದರೆ ದಿಕ್ಕು ಒಂದೇ, ಅಲೆ ತಲೆಕೆಳಗು. x = 0ಯಲ್ಲಿರುವ ಹಗ್ಗದ ಕಣ t = 0ಯಿಂದ ಯಾವ ಕಡೆ ಹೊರಡುತ್ತದೆ ನೋಡಿ. sin(ωt − kx) ಆದರೆ ಮೇಲಕ್ಕೆ, sin(kx − ωt) ಆದರೆ ಕೆಳಕ್ಕೆ. ಕಣದ ಚಿತ್ರ ಬರೆಯಿರಿ ಎಂಬ ಪ್ರಶ್ನೆಯಲ್ಲಿ ಅಂಕ ಹೋಗುವುದು ಇಲ್ಲೇ.

ಕಣದ ಆ ಇಳಿತವನ್ನೇ ನಿಮ್ಮ ಗೆಳೆಯನಿಗೆ ಪರೀಕ್ಷೆಯಾಗಿ ಕೊಡಬಹುದು. sin(2x − 6t) ಮೊದಲ ಚಿತ್ರದಲ್ಲಿ ಉಬ್ಬು 0.79ರಲ್ಲಿ, ತಗ್ಗು −0.79ರಲ್ಲಿ. ಅಲೆ ಬಲಕ್ಕೆ ಹೋಗುವುದಾದರೆ ಸೊನ್ನೆಯಲ್ಲಿರುವ ಕಣದ ಬಳಿಗೆ ತಗ್ಗು ಬರುತ್ತಿದೆ, ಆದ್ದರಿಂದ ಅದು ಕೆಳಗಿಳಿಯಲೇಬೇಕು. ಸೂತ್ರದಲ್ಲಿ x = 0 ಹಾಕಿದರೆ −sin 6t ಬರುತ್ತದೆ, ಅದೂ ಕೆಳಕ್ಕೆ. ಎರಡೂ ಹೊಂದದಿದ್ದರೆ ಎಲ್ಲೋ ಚಿಹ್ನೆ ತಪ್ಪಿದೆ ಎಂದು ಗೊತ್ತಾಗುತ್ತದೆ. ಕಣ ಕೆಳಕ್ಕೆ ಹೊರಟದ್ದನ್ನು ಕಂಡು ಅಲೆ ಹಿಂದಕ್ಕೆ ಹೊರಟಿತು ಎಂದು ಬರೆಯುವವರು ಪ್ರತಿ ವರ್ಷ ಇರುತ್ತಾರೆ.

ಘನಸ್ಥಿತಿ ಭೌತಶಾಸ್ತ್ರದ ಸಂಶೋಧನಾ ವಿದ್ಯಾರ್ಥಿ, ಬೆಂಗಳೂರು

ಒಂದು ತಕರಾರು. ಮೇಲಿನ ಚಿಹ್ನೆಯ ನಿಯಮ k ಮತ್ತು ω ಎರಡೂ ಧನಾತ್ಮಕವಾಗಿದ್ದರೆ ಮಾತ್ರ. ನಮ್ಮಲ್ಲಿ ಎಲ್ಲ ಅಲೆಗಳನ್ನೂ kx − ωt ಎಂದೇ ಬರೆಯುತ್ತೇವೆ, ಎಡಕ್ಕೆ ಹೋಗುವುದಾದರೆ k ಋಣಾತ್ಮಕ. k = −2 ಎಂದರೆ −2x − 6t, ಅದು ಎಡಕ್ಕೆ. ಅಲ್ಲಿ ಮೈನಸ್ ದಿಕ್ಕನ್ನು ಹೇಳುವುದೇ ಇಲ್ಲ, k ಹೇಳುತ್ತದೆ. ಇನ್ನೊಂದು, ಇದೆಲ್ಲ ಉಬ್ಬುಗಳು ಸಾಗುವ ದಿಕ್ಕು. ಶಕ್ತಿಯೂ ಅದೇ ಕಡೆ ಹೋಗಬೇಕು ಎಂದಿಲ್ಲ, ಕೆಲವು ಮಾಧ್ಯಮಗಳಲ್ಲಿ ಎದುರು ದಿಕ್ಕಿಗೆ ಹೋಗುತ್ತದೆ. ಇದನ್ನು ಮೊದಲ ವರ್ಷದಲ್ಲೇ ಹೇಳಬೇಕು.

ಭೌತಶಾಸ್ತ್ರ ಉಪನ್ಯಾಸಕಿ, ಉಡುಪಿ

k ಮಾತು ಒಪ್ಪಿದೆ. ಶಕ್ತಿಯ ಮಾತು ಮೊದಲ ವರ್ಷಕ್ಕೆ ಬೇಡ ಎಂಬುದು ನನ್ನ ಅಭಿಪ್ರಾಯ, ಎಳೆದು ಕಟ್ಟಿದ ಹಗ್ಗದಲ್ಲಿ ಎರಡೂ ಒಂದೇ ಕಡೆ ಹೋಗುತ್ತವೆ.

ಪಿಯು ಟ್ಯೂಷನ್ ಮೇಷ್ಟ್ರು, ದಾವಣಗೆರೆ

ಪರೀಕ್ಷೆಯಲ್ಲಿ ಯಾರೂ k ಋಣಾತ್ಮಕ ಎಂದು ಕೊಡುವುದಿಲ್ಲ. ನನ್ನ ಸೂತ್ರ ನನಗೆ ಸಾಕು.

ಕೇಳಿದವರು

ರೂಮ್‌ಮೇಟ್ ಈಗ ಹೊಸದು ತೆಗೆದಿದ್ದಾನೆ. ಬಲಕ್ಕೆ ಹೋಗುವುದನ್ನೂ ಎಡಕ್ಕೆ ಹೋಗುವುದನ್ನೂ ಕೂಡಿಸಿದರೆ 2A sin kx cos ωt ಬರುತ್ತದೆ, ಅಲ್ಲಿ ಮೈನಸೂ ಇಲ್ಲ, ಪ್ಲಸೂ ಇಲ್ಲ. ಅದು ಯಾವ ಕಡೆ ಹೋಗುತ್ತದೆ ಎಂದು ಕೇಳುತ್ತಿದ್ದಾನೆ.

ಭೌತಶಾಸ್ತ್ರ ಉಪನ್ಯಾಸಕಿ, ಉಡುಪಿ

ಹಿಂದಿನ ಸಂಖ್ಯೆಗಳನ್ನೇ ಹಾಕಿ, A = 1 ಇಟ್ಟುಕೊಂಡು ಉಬ್ಬನ್ನು ಹುಡುಕಲು ಹೇಳಿ. t = 0 ಆದಾಗ 0.79ರಲ್ಲಿ ಸಿಗುತ್ತದೆ, ಎತ್ತರ 2. 0.1 ಸೆಕೆಂಡಿನ ನಂತರವೂ 0.79ರಲ್ಲೇ ಇರುತ್ತದೆ, ಎತ್ತರ ಮಾತ್ರ 1.65. x ಮತ್ತು t ಒಂದೇ ಆವರಣದೊಳಗೆ ಜೊತೆಯಾಗಿಲ್ಲ, ಹಾಗಾಗಿ ಜಾರಿಸಲು ಪಟ್ಟಿಯೇ ಇಲ್ಲ. ಗಿಟಾರ್ ಇದ್ದರೆ ಒಂದು ತಂತಿ ಮೀಟಿ ನೋಡಲಿ, ನಡುವಿನ ಉಬ್ಬು ನಿಂತಲ್ಲೇ ಏರಿಳಿಯುತ್ತದೆ.