ಬಂಕ್ ಬೆಡ್ಡಿನ ಬೋಲ್ಟಿನ ವಿಷಯ, ಕಿರಣನಿಗೆ

"ದೊಡ್ಡಮ್ಮ, ಮಕ್ಕಳ ಬಂಕ್ ಬೆಡ್ ಜೋಡಿಸಿ ಆಯ್ತು. ಆದ್ರೆ ಮೇಲಿನ ಮಂಚದ ಒಂದು ಉದ್ದ ಬೋಲ್ಟು ಡಬ್ಬದಲ್ಲಿ ಬಂದೇ ಇಲ್ಲ. ಅಲ್ಲಿಗೆ ಮರದ ಸ್ಕ್ರೂ ಹಾಕಿ ಇವತ್ತು ಮಲಗಿಸಬಹುದಾ? ಭಯ ಆಗ್ತಿದೆ."

ಬೇಡ ಕಿರಣ. ಆ ತೂತಿಗೆ ಮರದ ಸ್ಕ್ರೂ ಹಾಕಬೇಡ. ಶ್ರುತಿ ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮ ಮನೆಯಲ್ಲಿ ಆಗಿದ್ದೂ ಇದೇ. ಅವಳ ತಮ್ಮ ಪುಟ್ಟ, ಮನೆ ಚಿಕ್ಕದು, ಅದಕ್ಕೇ ಬಂಕ್ ಬೆಡ್ ತಂದಿದ್ದು. ಅಪ್ಪ ಮಗಳು ಹಾಲಿನಲ್ಲಿ ಚಾಪೆ ಹಾಸಿ ಕೂತರು. ಅವಳು ಮೊದಲೇ ಪೇಪರ್ ಹಾಸಿ, ಚಿತ್ರ ನೋಡಿಕೊಂಡು ಬೋಲ್ಟುಗಳನ್ನು ಉದ್ದದ ಪ್ರಕಾರ ಸಾಲಾಗಿ ಇಟ್ಟಿದ್ದಳು. ಮೇಲಿನ ಮಂಚದ ಉದ್ದ ಪಟ್ಟಿಗಳಿಗೆ ಎಂಟು ಬೇಕು, ಇದ್ದದ್ದು ಏಳು. "ಅಪ್ಪಾ, ಒಂದು ಕಮ್ಮಿ" ಅಂತ ಜೋಡಿಸುವ ಮೊದಲೇ ಹೇಳಿದಳು.

ಅಂಗಡಿಗೆ ಫೋನ್ ಮಾಡಿದರೆ ಒಬ್ಬ ಹುಡುಗನನ್ನು ಕಳಿಸಿದರು. ಅವನು ಎಲ್ಲ ಜೋಡಿಸಿ, ಕೊನೆಯ ತೂತಿಗೆ ಒಂದು ಉದ್ದ ಮರದ ಸ್ಕ್ರೂ ತಿರುಗಿಸಿದ. "ಏನೂ ಆಗಲ್ಲ ಸರ್" ಅಂದು ಹೊರಟುಹೋದ. ನೋಡಲು ಗಟ್ಟಿಯಾಗಿಯೇ ಇತ್ತು. ಶ್ರುತಿಗೆ ಮಾತ್ರ ಸಮಾಧಾನವಿಲ್ಲ. ಅಪ್ಪನಿಗೆ ಪಟ್ಟಿಯ ಮೇಲೆ ಭಾರ ಹಾಕಿ ಒತ್ತಲು ಹೇಳಿ, ತಾನು ಕಂಬ ಮತ್ತು ಪಟ್ಟಿ ಸೇರುವ ಜಾಗಕ್ಕೆ ಕಣ್ಣಿಟ್ಟು ಕೂತಳು. ಒತ್ತಿದಾಗೆಲ್ಲ ಅಲ್ಲೊಂದು ಸಣ್ಣ ಸಂದು ಬಿಡುತ್ತಿತ್ತು. ಜಾಮಿಟ್ರಿ ಬಾಕ್ಸಿನ ಸ್ಟೀಲ್ ಸ್ಕೇಲು ಅದರೊಳಗೆ ಸಲೀಸಾಗಿ ಹೋಯಿತು! ಬೇರೆ ಮೂರು ಮೂಲೆಗಳಲ್ಲಿ ಹೋಗಲಿಲ್ಲ.

ನಿಮ್ಮ ದೊಡ್ಡಪ್ಪ ಅವಳಿಗೆ ಬಿಚ್ಚಿ ತೋರಿಸಿದರು. ಪಟ್ಟಿಯ ಒಳಗೆ ಅಡ್ಡ ತೂತಿನಲ್ಲಿ ಒಂದು ಸಣ್ಣ ಉರುಳೆಯಂಥ ನಟ್ ಇರುತ್ತದೆ. ಬೋಲ್ಟು ಕಂಬವನ್ನು ದಾಟಿ ಬಂದು ಅದನ್ನು ಹಿಡಿದು ಎಳೆಯುತ್ತದೆ, ಆಗ ಪಟ್ಟಿ ಕಂಬಕ್ಕೆ ಬಿಗಿಯಾಗಿ ಕೂರುತ್ತದೆ. ಮರದ ಸ್ಕ್ರೂ ಹಾಗೆ ಎಳೆಯುವುದಿಲ್ಲ. ತೂತು ಮೊದಲೇ ಬೋಲ್ಟಿನ ಅಳತೆಗೆ ದೊಡ್ಡದಾಗಿರುತ್ತದೆ, ಸ್ಕ್ರೂ ಎಲ್ಲೋ ಒಂದಿಷ್ಟು ಕಚ್ಚಿಕೊಂಡಿರುತ್ತದೆ ಅಷ್ಟೇ. ಮಕ್ಕಳು ಏಣಿ ಹತ್ತಿ ಇಳಿದ ಹಾಗೆಲ್ಲ ಸಡಿಲವಾಗುತ್ತದೆ. ಇನ್ನೊಂದು ಬೋಲ್ಟು ಇದೆಯಲ್ಲ ಅನ್ನಬೇಡ. ಒಂದೇ ಬೋಲ್ಟಿನ ಮೇಲೆ ನಿಂತ ಪಟ್ಟಿ ಅದರ ಸುತ್ತ ತಿರುಗಲು ನೋಡುತ್ತದೆ, ಅದಕ್ಕೇ ಒಂದೊಂದು ತುದಿಗೆ ಎರಡೆರಡು ಕೊಟ್ಟಿರುವುದು.

ಆಮೇಲೆ ಅಪ್ಪ ಒಂದು ಬೋಲ್ಟು ಜೇಬಿಗೆ ಹಾಕಿಕೊಂಡು ಹಾರ್ಡ್‌ವೇರ್ ಅಂಗಡಿಗೆ ಹೊರಟರು. "ನಟ್ಟೂ ತಗೊಂಡು ಹೋಗೋಣ" ಅಂತ ಶ್ರುತಿಯೇ ಹಟ ಹಿಡಿದು ಜೊತೆಗೆ ಹೋದಳು. ಅದೇ ಕೆಲಸಕ್ಕೆ ಬಂತು. ಅಂಗಡಿಯವನು ಕೊಟ್ಟದ್ದು ಕಾಲಿಂಚಿನ ಬೋಲ್ಟು, ಮಂಚದ್ದು 6 ಮಿಲಿಮೀಟರ್. ಪಕ್ಕಪಕ್ಕ ಇಟ್ಟರೆ ಎರಡೂ ಒಂದೇ ಥರ ಕಾಣುತ್ತವೆ. ಅವಳು ಬೆರಳಲ್ಲೇ ತಿರುಗಿಸಿ ನೋಡಿದಳು. ಒಂದೆರಡು ಸುತ್ತಿಗೆ ನಿಂತುಬಿಟ್ಟಿತು. ಒತ್ತಿ ತಿರುಗಿಸಿದ್ದರೆ ನಟ್ಟಿನ ಒಳಗಿನ ತಿರುಪಿನ ಗೆರೆಗಳೂ ಹಾಳಾಗುತ್ತಿದ್ದವು. ಆಮೇಲೆ 6 ಮಿಲಿಮೀಟರಿನದೇ, ಅಂದರೆ ಎಂ6, ಕೇಳಿ ತಂದರು. ತಲೆಯ ಕೆಳಗಿನಿಂದ ತುದಿಯವರೆಗೆ 80 ಮಿಲಿಮೀಟರ್, ಉಳಿದ ಏಳರಷ್ಟೇ. ಅದು ಬೆರಳಲ್ಲೇ ಕೊನೆಯವರೆಗೆ ಹೋಯಿತು. ಮನೆಗೆ ಬಂದು ಹಾಕಿ ಬಿಗಿದ ಮೇಲೆ ಸ್ಕೇಲು ಎಲ್ಲೂ ತೂರಲಿಲ್ಲ.

ಅದಕ್ಕೇ ಮತ್ತೆ ಹೇಳುತ್ತೇನೆ, ಆ ತೂತಿಗೆ ಮರದ ಸ್ಕ್ರೂ ಬೇಡ. ಒಂದು ರಾತ್ರಿಗೂ ಬೇಡ.

ನಮ್ಮ ಮಾವನವರ ಸಾಗುವಾನಿ ಮಂಚ ನೆನಪಿದೆಯಲ್ಲ ನಿಮಗೆಲ್ಲ? ತೀರ್ಥಹಳ್ಳಿ ಮನೆಯದ್ದು. ಅದರಲ್ಲಿ ಒಂದು ಬೋಲ್ಟೂ ಇರಲಿಲ್ಲ, ಪಟ್ಟಿಯನ್ನು ಕಂಬದ ತೂತಿಗೆ ತೂರಿಸಿ ಬೆಣೆ ಹೊಡೆದಿದ್ದರು. ಮೂರು ತಲೆಮಾರು ಅದರ ಮೇಲೆ ಮಲಗಿದೆ. ಮನೆ ಪಾಲಾದಾಗ ಯಾರಿಗೂ ಜಾಗವಿಲ್ಲ ಅಂತ ಗುಜರಿಗೆ ಕೊಟ್ಟುಬಿಟ್ಟರು. ನನ್ನನ್ನು ಒಂದು ಮಾತು ಕೇಳಲಿಲ್ಲ. ನಾನು ಇಟ್ಟುಕೊಳ್ಳುತ್ತಿದ್ದೆ. ಇವತ್ತಿಗೂ ನನಗೆ ಆ ಸಂಕಟ ಹೋಗಿಲ್ಲ.

ಅಯ್ಯೋ, ನೀನು ಈಗ ಏನು ಮಾಡಬೇಕು ಅಂತ ಹೇಳಲೇ ಇಲ್ಲ. ಮೊದಲು ಡಬ್ಬದ ರಟ್ಟಿನ ಮಡಿಕೆ, ಥರ್ಮಾಕೋಲು ಎಲ್ಲ ಕೊಡವಿ ನೋಡು. ಸಿಗದಿದ್ದರೆ ಮೇಲಿನ ಮಂಚದಿಂದಲೇ ಒಂದು ಬೋಲ್ಟು, ಅದರ ನಟ್ಟು ಬಿಚ್ಚಿ ಎರಡನ್ನೂ ಅಂಗಡಿಗೆ ತಗೊಂಡು ಹೋಗು. ಹೊಸದನ್ನು ಅಲ್ಲೇ ನಟ್ಟಿಗೆ ಬೆರಳಲ್ಲಿ ತಿರುಗಿಸಿ ನೋಡು, ಉದ್ದವೂ ಸರಿಯಾಗಿ ಅಷ್ಟೇ ಇರಲಿ. ಹಾಕುವಾಗ ನಟ್ಟಿನ ತಲೆಯ ಮೇಲಿನ ಗೀರು ಬೋಲ್ಟು ಬರುವ ದಿಕ್ಕಿಗೆ ಇರಬೇಕು, ಇಲ್ಲದಿದ್ದರೆ ಬೋಲ್ಟಿಗೆ ನಟ್ಟಿನ ತೂತು ಸಿಗುವುದಿಲ್ಲ. ಸ್ಕ್ರೂಡ್ರೈವರಿನಲ್ಲಿ ತಿರುಗಿಸಿಕೋ. ಒಂದು ವಾರ ಬಿಟ್ಟು ಎಲ್ಲ ಬೋಲ್ಟುಗಳನ್ನೂ ಇನ್ನೊಮ್ಮೆ ಬಿಗಿ ಮಾಡು.

ಅಲ್ಲಿವರೆಗೆ ಹಾಸಿಗೆ ನೆಲಕ್ಕೆ ಹಾಕು. ಮೇಲೂ ಬೇಡ, ಕೆಳಗಿನ ಮಂಚವೂ ಬೇಡ, ಮೇಲಿನದು ಅದರ ಮೇಲೇ ತಾನೇ ಇರುವುದು. ಬೋಲ್ಟು ಹಾಕಿದ ಮೇಲೂ ಚಿಕ್ಕವನು ಕೆಳಗೇ ಮಲಗಲಿ, ಅವನಿಗಿನ್ನೂ ಆರು ತುಂಬಿಲ್ಲ ಅಲ್ವಾ. ಅಂಗಡಿ ಮುಚ್ಚುವ ಮೊದಲು ಹೊರಡು.